ಪೆನ್ ಡ್ರೈವ್‌ನಲ್ಲಿ ಫೋಟೋ ಕಾಣುತ್ತೆ, ಪಿಡಿಎಫ್ ಕಾಣಲ್ಲ

"ಮಧುಗಿರಿಯಿಂದ ಕೇಳ್ತಿದ್ದೀನಿ. ಪೆನ್ ಡ್ರೈವ್ ಪ್ರಿಂಟರ್‌ಗೆ ಹಾಕಿದರೆ ಫೋಟೋ ಬರುತ್ತೆ, ಪಹಣಿಯ ಪಿಡಿಎಫ್ ಮಾತ್ರ ಲಿಸ್ಟ್‌ನಲ್ಲೇ ಇಲ್ಲ. ಪೆನ್ ಡ್ರೈವ್ ಹಾಳಾಗಿದೆಯಾ?"

ಇಲ್ಲ ಸರ್, ಫೋಟೋ ಕಾಣುತ್ತಿದೆ ಅಂದಮೇಲೆ ಪೆನ್ ಡ್ರೈವ್ ಸರಿಯಾಗೇ ಇದೆ. ಮನೆ ಬಳಕೆಯ ಎಷ್ಟೋ ಇಂಕ್‌ಜೆಟ್‌ಗಳು ಪೆನ್ ಡ್ರೈವ್‌ನಿಂದ ಜೆಪಿಜಿ ಮಾತ್ರ ಓದುತ್ತವೆ. ಪಿಡಿಎಫ್ ಬಿಡಿಸಿ ಓದುವ ಶಕ್ತಿ ಜಾಸ್ತಿ ಇರುವುದು ಆಫೀಸಿನ ದೊಡ್ಡ ಲೇಸರ್ ಮಾದರಿಗಳಲ್ಲಿ. ವರ್ಡ್ ಫೈಲ್ ಅಂತೂ ಬಹುತೇಕ ಯಾವುದರಲ್ಲೂ ಬರಲ್ಲ.

ಹಾಗಾಗಿ ಪಹಣಿಯನ್ನೇ ಜೆಪಿಜಿ ಮಾಡಿ. ಕಂಪ್ಯೂಟರ್‌ನಲ್ಲಿ GIMP ಅನ್ನೋ ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್ ಇದ್ದರೆ ಪಿಡಿಎಫ್ ತೆರೆಯುವಾಗ Resolution ಕೇಳುತ್ತದೆ, 300 ಕೊಡಿ. ಎ4 ಪುಟ ಸುಮಾರು 2480 × 3508 ಪಿಕ್ಸೆಲ್ ಆಗುತ್ತದೆ, ಸರ್ವೆ ನಂಬರಿನ ಸಣ್ಣ ಅಕ್ಷರವೂ ಸ್ಪಷ್ಟವಾಗಿ ಬರುತ್ತದೆ. ಸುಮ್ನೆ ಮೊಬೈಲ್ ಸ್ಕ್ರೀನ್‌ಶಾಟ್ ಹಾಕಬೇಡಿ, ಅಕ್ಷರ ಮಸುಕಾಗುತ್ತದೆ. ಜೆಪಿಜಿ ಆಗಿ ಉಳಿಸುವಾಗ Progressive ಟಿಕ್ ಇದ್ದರೆ ತೆಗೆಯಿರಿ. ಅಂಥ ಜೆಪಿಜಿಯನ್ನು ಕೆಲವು ಪ್ರಿಂಟರ್‌ಗಳು ತೆರೆಯುವುದೇ ಇಲ್ಲ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಪ್ರಿಂಟರ್ ಇದನ್ನು ಫೋಟೋ ಅಂತಲೇ ತಿಳಿದು 4×6 ಕಾಗದ, ಅಂಚಿಲ್ಲದ ಪ್ರಿಂಟ್ ಆರಿಸಿಕೊಂಡಿರುತ್ತದೆ. ಹಾಗೇ ಒತ್ತಿದರೆ ಪಹಣಿಯ ಅಂಚಿನ ಕಾಲಂ ಕತ್ತರಿಸಿ ಹೋಗುತ್ತದೆ. ಪ್ಯಾನೆಲ್‌ನಲ್ಲಿ ಎ4, ಸಾದಾ ಕಾಗದ, ಅಂಚು ಸಹಿತ ಅಂತ ಬದಲಿಸಿ, ಆಮೇಲೆ ಒತ್ತಿ.

ಮುಂದೆ ಯಾವತ್ತಾದರೂ ಹೊಸ ಪೆನ್ ಡ್ರೈವ್ ಹಾಕಿದಾಗ ಫೋಟೋನೂ ಕಾಣದಿದ್ದರೆ, ಆಗ ಫಾರ್ಮ್ಯಾಟ್ ನೋಡಿ. ವಿಂಡೋಸ್‌ನಲ್ಲಿ ಅದರ Properties ತೆರೆದರೆ File system ಎದುರು NTFS ಅಥವಾ exFAT ಇರಬಹುದು. ಹೆಚ್ಚಿನ ಪ್ರಿಂಟರ್‌ಗಳು ಒಪ್ಪುವುದು FAT32. ಫಾರ್ಮ್ಯಾಟ್ ಮಾಡಿದರೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಕಾಪಿ ಇಟ್ಟುಕೊಳ್ಳಿ.