ಪೆನ್ಷನ್ ಖರ್ಚು: ಆಕ್ಚುಯೇರಿಯಲ್ ಗೇನ್ ಕಳೆಯಬೇಕಾ, ಬಿಡಬೇಕಾ?

"ಎಂ.ಕಾಂ ಓದ್ತಿದ್ದೀನಿ. ಡಿಫೈನ್ಡ್ ಬೆನಿಫಿಟ್ ಪ್ಲಾನ್ ಲೆಕ್ಕ ಒಂದಿದೆ. ವರ್ಷದ ಆರಂಭದಲ್ಲಿ ಹೊಣೆ 100 ಲಕ್ಷ, ಫಂಡ್ 80 ಲಕ್ಷ, ಡಿಸ್ಕೌಂಟ್ ರೇಟ್ 7%. ಸರ್ವಿಸ್ ಕಾಸ್ಟ್ 9, ಇಂಟರೆಸ್ಟ್ ಕಾಸ್ಟ್ 7, ಫಂಡ್ ಮೇಲೆ ನಿಜವಾಗಿ ಬಂದ ಆದಾಯ 7.1, ಹೊಣೆ ಮೇಲಿನ ಆಕ್ಚುಯೇರಿಯಲ್ ಗೇನ್ 2 ಲಕ್ಷ. ಕೂಡಿ ಕಳೆದರೆ ನನಗೆ 6.9 ಬರುತ್ತೆ. ಉತ್ತರದಲ್ಲಿ 10.4 ಇದೆ. ಹೇಗೆ?"

ನಿಮ್ಮ 6.9 ಲಕ್ಷ ಆ ವರ್ಷದ ಒಟ್ಟು ಹೊರೆ. 10.4 ಲಕ್ಷ ಲಾಭ-ನಷ್ಟ ಖಾತೆಗೆ ಹೋಗುವ ಖರ್ಚು. ಎರಡೂ ಸರಿ. ನಡುವಿನ 3.5 ಲಕ್ಷ ಎಲ್ಲಿ ಹೋಯಿತು ಅನ್ನೋದೇ ಇಲ್ಲಿನ ವಿಷಯ.

ನಾನು ತುಮಕೂರಿನ ಹತ್ತಿರ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಇದು ಪೆನ್ಷನ್ ಹೆಸರಲ್ಲಿ ಬರೋದು ಕಮ್ಮಿ, ಗ್ರಾಚ್ಯುಟಿ ಹೆಸರಲ್ಲಿ ಬರುತ್ತೆ. ಕೆಲಸಗಾರನಿಗೆ ಕೊನೆಯ ಸಂಬಳ ಮತ್ತು ಸರ್ವಿಸ್ ನೋಡಿ ಇಷ್ಟು ಕೊಡಲೇಬೇಕು ಅಂತ ಕಾನೂನಿದೆ. ಹಾಗಾಗಿ ಅದೂ ಡಿಫೈನ್ಡ್ ಬೆನಿಫಿಟ್ಟೇ, ಲೆಕ್ಕದ ದಾರಿಯೂ ಇದೇ.

ನಿಮ್ಮ ಪುಸ್ತಕದ ಉತ್ತರ ಇಂಡ್ ಎಎಸ್ 19 ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಪ್ರಕಾರ ಇದೆ. ಅದರಲ್ಲಿ ಲಾಭ-ನಷ್ಟಕ್ಕೆ ಹೋಗೋದು ಎರಡೇ: ಸರ್ವಿಸ್ ಕಾಸ್ಟ್ ಮತ್ತು ನಿವ್ವಳ ಬಡ್ಡಿ. ಹೊಣೆ 100 ಲಕ್ಷ, ಅದರ ಮೇಲೆ 7% ಅಂದರೆ 7 ಲಕ್ಷ. ಫಂಡ್ 80 ಲಕ್ಷ, ಅದಕ್ಕೂ ಅದೇ 7%, ಅಂದರೆ 5.6 ಲಕ್ಷ. ವ್ಯತ್ಯಾಸ 1.4. ಸರ್ವಿಸ್ ಕಾಸ್ಟ್ 9 ಸೇರಿಸಿದರೆ 10.4.

ಇಲ್ಲೊಂದು ಸಂಗತಿ ಗಮನಿಸಿ. ಫಂಡ್ ನಿಜವಾಗಿ ತಂದದ್ದು 7.1 ಲಕ್ಷ, ಆದರೂ ಖರ್ಚಿನಿಂದ ಕಳೆದದ್ದು ಬರೀ 5.6. ಮಾರುಕಟ್ಟೆ ಒಂದು ವರ್ಷ ಏರುತ್ತೆ, ಮರುವರ್ಷ ಬೀಳುತ್ತೆ. ಆ ಏರುಪೇರನ್ನು ಕಾರ್ಖಾನೆಯ ಲಾಭದ ಜೊತೆ ಬೆರೆಸಬಾರದು ಅನ್ನೋದು ಇದರ ಹಿಂದಿನ ಯೋಚನೆ. ನನಗೂ ಅದು ನ್ಯಾಯ ಅನಿಸುತ್ತೆ. ಹೆಚ್ಚಿಗೆ ಬಂದ 1.5 ಲಕ್ಷ ಮತ್ತು ಹೊಣೆ ಮೇಲಿನ ಗೇನ್ 2 ಲಕ್ಷ, ಎರಡೂ ಸೇರಿ 3.5 ಲಕ್ಷ ಒಸಿಐಗೆ, ಅಂದರೆ ಇತರ ಸಮಗ್ರ ಆದಾಯಕ್ಕೆ ಹೋಗುತ್ತವೆ. ಮುಂದೆ ಯಾವತ್ತೂ ಅವು ಲಾಭ-ನಷ್ಟಕ್ಕೆ ವಾಪಸ್ ಬರಲ್ಲ.

ಇದೇ ಲೆಕ್ಕ ಎಎಸ್ 15 ಅನ್ನೋ ಇನ್ನೊಂದು ಸ್ಟ್ಯಾಂಡರ್ಡ್ ಪ್ರಕಾರ ಕೊಟ್ಟಿದ್ದರೆ ನಿಮ್ಮ 6.9 ಅನ್ನೇ ಬರೆಯಬೇಕಿತ್ತು. ಅಲ್ಲಿ ಆಕ್ಚುಯೇರಿಯಲ್ ಗೇನ್, ಲಾಸ್ ಎಲ್ಲವೂ ಆ ವರ್ಷವೇ ಲಾಭ-ನಷ್ಟಕ್ಕೆ ಹೋಗುತ್ತೆ. ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳು ಈಗಲೂ ಎಎಸ್ 15 ಬಳಸುತ್ತವೆ. ಹಾಗಾಗಿ ಪ್ರಶ್ನೆಯಲ್ಲಿ ಯಾವ ಸ್ಟ್ಯಾಂಡರ್ಡ್ ಅಂತ ಮೊದಲು ಹುಡುಕಿ, ಆಮೇಲೆ ಕ್ಯಾಲ್ಕುಲೇಟರ್ ಮುಟ್ಟಿ.

ಜಾಸ್ತಿ ಜನ ಎಡವೋದು ಬೇರೆ ಕಡೆ. ಆಕ್ಚುಯೇರಿಯಲ್ ಗೇನ್ ಯಾವುದರ ಮೇಲಿನದು? ನಿಮ್ಮದರಲ್ಲಿ ಹೊಣೆ ಮೇಲಿನದು ಅಂತ ಬರೆದಿದೆ. ಸಾಲಪತ್ರಗಳ ಬಡ್ಡಿ ಏರಿ ಡಿಸ್ಕೌಂಟ್ ರೇಟ್ ಜಾಸ್ತಿಯಾದರೆ, ಇಲ್ಲವೇ ಸಂಬಳ ಅಂದುಕೊಂಡಷ್ಟು ಏರದಿದ್ದರೆ ಹೊಣೆ ಇಳಿಯುತ್ತೆ, ಆ ಗೇನ್ ಹುಟ್ಟುತ್ತೆ. ಆದರೆ ಕೆಲವು ಲೆಕ್ಕಗಳಲ್ಲಿ ಗೇನ್ ಅಂದರೆ ಫಂಡ್ ನಿರೀಕ್ಷೆಗಿಂತ ಹೆಚ್ಚು ತಂದ ಹಣ, ನಮ್ಮ 1.5 ಲಕ್ಷದ ಹಾಗೆ. ಅದು 7.1ರ ಒಳಗೇ ಇದೆ. ಮತ್ತೆ ಕಳೆದರೆ ಎರಡು ಸಲ ಕಳೆದಂತಾಯಿತು. ಅಮೆರಿಕದ ಪುಸ್ತಕಗಳಲ್ಲಿ ಖರ್ಚನ್ನು 9 + 7 − 7.1 + 1.5 ಅಂತ ಬರೆದಿರುತ್ತಾರೆ. ಗೇನನ್ನು ಯಾಕೆ ಕೂಡಿದರು ಅಂತ ಗಾಬರಿಯಾಗಬೇಡಿ. 7.1ರಲ್ಲಿ ಸೇರಿಕೊಂಡಿದ್ದ ಅನಿರೀಕ್ಷಿತ ಭಾಗವನ್ನು ಹೊರಗೆ ತೆಗೆಯುತ್ತಿದ್ದಾರೆ ಅಷ್ಟೇ. ಅವರ ನಿರೀಕ್ಷೆಯೂ 7% ಇದ್ದರೆ ಅಲ್ಲೂ 10.4 ಬರುತ್ತೆ.

ನಮ್ಮ ಆಕ್ಚುಯರಿ ಕಳಿಸುವ ವರದಿಯಲ್ಲೂ ಇದೇ ತೊಡಕು. ಹೊಣೆಯ ಟೇಬಲ್ಲಿನಲ್ಲಿ ಗೇನ್ ಬ್ರಾಕೆಟ್ ಒಳಗೆ ಇರುತ್ತೆ, ಯಾಕಂದರೆ ಅದು ಹೊಣೆಯನ್ನು ಇಳಿಸುತ್ತೆ. ಬ್ರಾಕೆಟ್ ಕಂಡ ಕೂಡಲೇ ನಷ್ಟ ಅಂತ ಓದಿ ಎಂಟ್ರಿ ಹಾಕಿದರೆ ಒಸಿಐ ತಲೆಕೆಳಗಾಗುತ್ತೆ.

ತಪ್ಪಾಗಿದೆಯಾ ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ವರ್ಷದ ಕೊನೆಯ ದಿನ ಫಂಡಿಗೆ 10 ಲಕ್ಷ ಕಟ್ಟಿದರು, ನಿವೃತ್ತರಿಗೆ 6 ಲಕ್ಷ ಕೊಟ್ಟರು ಅಂದುಕೊಳ್ಳಿ. ಹೊಣೆ 100 + 9 + 7 − 6 − 2, ಅಂದರೆ 108. ಫಂಡ್ 80 + 7.1 + 10 − 6, ಅಂದರೆ 91.1. ಕೊರತೆ 16.9. ಈಗ ಇನ್ನೊಂದು ದಾರಿಯಲ್ಲಿ ಬನ್ನಿ: ಆರಂಭದ ಕೊರತೆ 20, ಅದಕ್ಕೆ ಖರ್ಚು 10.4 ಕೂಡಿ, ಒಸಿಐಯ 3.5 ಕಳೆಯಿರಿ, ಕಟ್ಟಿದ 10 ಕಳೆಯಿರಿ. 16.9 ಬಂತಲ್ವಾ? ಬರದಿದ್ದರೆ ಮೊದಲು ಗೇನಿನ ಚಿಹ್ನೆ ನೋಡಿ, ಆಮೇಲೆ ಕಟ್ಟಿದ 10 ಲಕ್ಷವನ್ನು ಖರ್ಚು ಅಂತ ಸೇರಿಸಿದ್ದೀರಾ ನೋಡಿ.