ಪರದೆಗೆ ಬೆಳಕು ಹೆಚ್ಚಿಸಬೇಡಿ, ಗೆಳತಿಯನ್ನು ಮುಂದಕ್ಕೆ ಕರೆಯಿರಿ

ಪ್ರಶ್ನೆ: ನಾನು ಪತ್ರಿಕೋದ್ಯಮ ಪದವಿಯ ಎರಡನೇ ವರ್ಷದ ವಿದ್ಯಾರ್ಥಿ. ಕ್ಲಾಸ್ ಪ್ರಾಜೆಕ್ಟ್‌ಗಾಗಿ ಗೆಳತಿಯೊಬ್ಬಳು ಹಂಪಿಯ ಕಲ್ಲಿನ ರಥದ ಮುಂದೆ ನಿಂತು ಮಾತಾಡುವ ದೃಶ್ಯವನ್ನು ತರಗತಿಯಲ್ಲೇ ಗ್ರೀನ್ ಸ್ಕ್ರೀನ್ ಮುಂದೆ ಫೋನಿನಲ್ಲಿ ತೆಗೆದೆವು. 8 ಅಡಿ ಅಗಲದ ಹಸಿರು ಬಟ್ಟೆ, ಎರಡು ಎಲ್‌ಇಡಿ ಲೈಟು ಇವೆ. ಅವಳು ಬಟ್ಟೆಯಿಂದ ಸುಮಾರು 2 ಅಡಿ ಮುಂದೆ ನಿಂತಿದ್ದಳು. ಈಗ ಕೂದಲ ಸುತ್ತ ಹಸಿರು ಅಂಚು ಕಾಣುತ್ತಿದೆ. ಆ ಹಸಿರನ್ನು ಒರೆಸುವ Despill ಹಾಕಿದರೆ ಅವಳ ಹಳದಿ ಸೀರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿದೆ. ಬಟ್ಟೆಗೆ ಇನ್ನೂ ಹೆಚ್ಚು ಬೆಳಕು ಬೇಕಿತ್ತೇ?

ಉತ್ತರ: ಬೇಡ. ಹೆಚ್ಚು ಬೆಳಕು ಹಾಕಿದ್ದರೆ ಅಂಚು ಇನ್ನಷ್ಟು ಹಸಿರಾಗುತ್ತಿತ್ತು. ಬೆಳಕು ಬಿದ್ದ ಹಸಿರು ಬಟ್ಟೆ ತಾನೇ ಒಂದು ದೊಡ್ಡ ಹಸಿರು ದೀಪ. 2 ಅಡಿ ದೂರದಲ್ಲಿ ನಿಂತವರನ್ನು ಅದು ಹಿಂದಿನಿಂದ ಮಾತ್ರವಲ್ಲ, ಎರಡೂ ಪಕ್ಕಗಳಿಂದ ಆವರಿಸಿಕೊಳ್ಳುತ್ತದೆ. ಹಾಗಾಗಿ ಕಿವಿ, ಭುಜ, ಕೂದಲ ತುದಿ ಎಲ್ಲಕ್ಕೂ ಹಸಿರು ಬಡಿಯುತ್ತದೆ. ಇದನ್ನೇ ಸ್ಪಿಲ್ ಅನ್ನುವುದು. ಸಾಫ್ಟ್‌ವೇರ್‌ನಲ್ಲಿ ಇದನ್ನು ಒರೆಸಬಹುದು, ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನಿಮ್ಮ ಹಳದಿ ಸೀರೆ ಈಗಾಗಲೇ ತೋರಿಸಿದೆ. ನನ್ನ ಸಲಹೆ, ಇನ್ನೊಮ್ಮೆ ಶೂಟ್ ಮಾಡಿ. ಅರ್ಧ ದಿನದ ಕೆಲಸ.

ಈ ಸಲ ಅವಳನ್ನು ಬಟ್ಟೆಯಿಂದ 7 ಅಡಿ ಮುಂದೆ ನಿಲ್ಲಿಸಿ, ಅವಳಿಂದ 8 ಅಡಿ ದೂರದಲ್ಲಿ ಫೋನ್ ಇಡಿ. ಒಟ್ಟು 15 ಅಡಿ, ತರಗತಿಯ ಉದ್ದಕ್ಕೆ ಸರಿಹೋಗುತ್ತದೆ. ಬಟ್ಟೆಯಿಂದ ಅಷ್ಟು ದೂರ ಬಂದರೆ ಬಟ್ಟೆ ಸಾಲದೆ ಬರಬಹುದು ಎಂಬ ಭಯಕ್ಕೇ ಎಲ್ಲರೂ ಪರದೆಗೆ ಅಂಟಿಕೊಂಡು ನಿಲ್ಲುವುದು. ಲೆಕ್ಕ ಹಾಕಿ ನೋಡಿ: ಕೈ ಆಡಿಸುತ್ತಾ ಮಾತಾಡುವವರಿಗೆ ಸುಮಾರು 3 ಅಡಿ ಅಗಲ ಬೇಕು. ಫೋನಿನಿಂದ ನೋಡಿದಾಗ ಆ 3 ಅಡಿ ಹಿಂದಿನ ಬಟ್ಟೆಯ ಮೇಲೆ 3 × 15 ÷ 8, ಅಂದರೆ ಐದೂವರೆ ಅಡಿಗಿಂತ ಸ್ವಲ್ಪ ಹೆಚ್ಚು ಜಾಗವನ್ನು ಮುಚ್ಚುತ್ತದೆ. ನಿಮ್ಮ 8 ಅಡಿ ಬಟ್ಟೆ ಧಾರಾಳವಾಯಿತು. ಫ್ರೇಮಿನ ಅಂಚಿನಲ್ಲಿ ಗೋಡೆ, ಬೋರ್ಡು, ಕಿಟಕಿ ಕಂಡರೆ ಕಾಣಲಿ, ಎಡಿಟಿಂಗ್‌ನಲ್ಲಿ ಅವಳ ಸುತ್ತ ಒಂದು ದೊಡ್ಡ ಮಾಸ್ಕ್ ಎಳೆದು ಹೊರಗಿನದನ್ನೆಲ್ಲ ಕತ್ತರಿಸಿಬಿಡಬಹುದು. ಹಸಿರು ಇರಬೇಕಾದ್ದು ಅವಳ ಮೈಯ ಅಂಚಿನ ಹಿಂದೆ ಮಾತ್ರ. ಸೊಂಟದ ಮೇಲಿನ ಶಾಟ್ ಆದರೆ ಬಟ್ಟೆಯನ್ನು ನೆಲದ ಮೇಲೆ ಹರಡಲೇಬೇಡಿ, ಕೆಳಗಿನಿಂದ ಗಲ್ಲಕ್ಕೆ ಬರುವ ಹಸಿರು ಅಲ್ಲಿಗೇ ನಿಲ್ಲುತ್ತದೆ.

ಎರಡೂ ಎಲ್‌ಇಡಿಗಳನ್ನು ಬಟ್ಟೆಗೇ ಕೊಡಿ. ಬಟ್ಟೆಯ ಎಡಕ್ಕೊಂದು, ಬಲಕ್ಕೊಂದು ಓರೆಯಾಗಿ ಇಟ್ಟು, ಎಡಗಡೆಯದನ್ನು ಬಟ್ಟೆಯ ಬಲ ಅರ್ಧಕ್ಕೆ, ಬಲಗಡೆಯದನ್ನು ಎಡ ಅರ್ಧಕ್ಕೆ ತಿರುಗಿಸಿ. ಹೀಗೆ ಅಡ್ಡಹಾಯಿಸಿದರೆ ಲೈಟಿನ ಹತ್ತಿರದ ಅಂಚು ಮಾತ್ರ ಧಗಧಗಿಸುವುದು ತಪ್ಪುತ್ತದೆ. ಬಟ್ಟೆಯನ್ನು ಇಸ್ತ್ರಿ ಮಾಡಿ, ಕ್ಲಿಪ್ ಹಾಕಿ ಬಿಗಿಯಾಗಿ ಎಳೆದು ಕಟ್ಟಿ. ಅವಳಿಗೆ ಬೆಳಕು ಕಿಟಕಿಯಿಂದ ಬರಲಿ. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಅದರ ಪಕ್ಕದಲ್ಲಿ ನಿಲ್ಲಿಸಿ.

ಬಟ್ಟೆ ಸಮವಾಗಿ ಬೆಳಗಿದೆಯೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಕಣ್ಣು ಏರುಪೇರಿಗೆ ಹೊಂದಿಕೊಂಡುಬಿಡುತ್ತದೆ. ಬರೀ ಬಟ್ಟೆಯ ಹತ್ತು ಸೆಕೆಂಡ್ ವಿಡಿಯೊ ತೆಗೆದು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ಗೆ ಹಾಕಿ, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ನೋಡಿ. ಬಟ್ಟೆ ಒಂದು ತೆಳುವಾದ ಅಡ್ಡಗೆರೆಯಾಗಿ ಕಾಣಬೇಕು. ಗೆರೆ ವಾಲಿದ್ದರೆ ಒಂದು ಪಕ್ಕ ಕತ್ತಲಾಗಿದೆ, ದಪ್ಪಗಿದ್ದರೆ ಸುಕ್ಕುಗಳಿವೆ ಎಂದರ್ಥ. 0ರಿಂದ 1023ರ ಅಳತೆಯಲ್ಲಿ ಆ ಗೆರೆ 400–500ರ ಆಸುಪಾಸಿನಲ್ಲಿದ್ದರೆ ಸಾಕು. ಮೇಲಕ್ಕೆ ಹೋದಷ್ಟೂ ಬಣ್ಣ ತೆಳುವಾಗಿ ಸ್ಪಿಲ್ ಹೆಚ್ಚುತ್ತದೆ.

ಆಮೇಲೆ ಅವಳನ್ನು ಜಾಗದಲ್ಲಿ ನಿಲ್ಲಿಸಿ, ಫೋನಿನ ಎಕ್ಸ್‌ಪೋಷರ್ ಲಾಕ್ ಮಾಡಿ, ಕಿಟಕಿಯನ್ನು ದಪ್ಪ ಬಟ್ಟೆಯಿಂದ ಮುಚ್ಚಿ. ಈಗ ಉರಿಯುತ್ತಿರುವುದು ಪರದೆಯ ಲೈಟುಗಳು ಮಾತ್ರ. ಫೋನಿನಲ್ಲಿ ಅವಳು ಹೆಚ್ಚುಕಡಿಮೆ ಕಪ್ಪು ನೆರಳಾಗಿ ಕಾಣಬೇಕು. ಕೆನ್ನೆಯ ಅಂಚಿನಲ್ಲಿ, ಸೆರಗಿನಲ್ಲಿ ಹಸಿರು ಹೊಳಪು ಕಂಡರೆ ಅದೇ ನಿಮ್ಮ ಸ್ಪಿಲ್. ಇನ್ನೊಂದಡಿ ಮುಂದೆ ಕರೆಯಿರಿ, ಇಲ್ಲವೇ ಮಾಸ್ಕಿನ ಹೊರಗೆ ಉಳಿಯುವ ಹಸಿರಿನ ಮೇಲೆ ಕಪ್ಪು ಬಟ್ಟೆ ಇಳಿಬಿಡಿ. ನಾನು ಈ ಪರೀಕ್ಷೆ ಮಾಡದೆ ಇವತ್ತಿಗೂ ಶೂಟ್ ಶುರು ಮಾಡುವುದಿಲ್ಲ.

ಫೋನಿನಲ್ಲಿ ವೈಟ್ ಬ್ಯಾಲೆನ್ಸನ್ನೂ ಲಾಕ್ ಮಾಡಿ, ಎಚ್‌ಡಿಆರ್ ಮತ್ತು ಬ್ಯೂಟಿ ಎರಡನ್ನೂ ಆರಿಸಿ. ಶಟರ್ 1/100 ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಮಿನುಗು ಬರುವುದಿಲ್ಲ, ಕೈ ಆಡಿಸುವಾಗಿನ ಮಸುಕೂ ಕಡಿಮೆಯಾಗುತ್ತದೆ. ಪ್ರಾಜೆಕ್ಟ್ 1080ರಲ್ಲೇ ಇದ್ದರೂ 4ಕೆಯಲ್ಲಿ ರೆಕಾರ್ಡ್ ಮಾಡಿ. ಫೋನುಗಳು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ ಉಳಿಸುತ್ತವೆ. ಹಾಗಾಗಿ 1920 × 1080 ವಿಡಿಯೊದಲ್ಲಿ ಬಣ್ಣ ಮಾತ್ರ 960 × 540ರಷ್ಟೇ ಇರುತ್ತದೆ. ಹಸಿರನ್ನು ಗುರುತಿಸಿ ತೆಗೆದುಹಾಕುವ ಕೀಯಿಂಗ್ ನಿಂತಿರುವುದೇ ಬಣ್ಣದ ಮೇಲೆ. ಕೂದಲ ಅಂಚು ಮೆಟ್ಟಿಲು ಮೆಟ್ಟಿಲಾಗುವುದು ಇದರಿಂದ. 4ಕೆ ಇಳಿಸಿ 1080 ಮಾಡಿದಾಗ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಸಿಗುತ್ತದೆ. ಫೈಲನ್ನು ಕೇಬಲ್ ಮೂಲಕವೇ ಕಂಪ್ಯೂಟರಿಗೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಈ ಶ್ರಮವೆಲ್ಲ ಕುಗ್ಗಿಹೋಗುತ್ತದೆ.

ಇನ್ನು ಸೀರೆಯ ವಿಷಯ. ಸಾಮಾನ್ಯ ಡಿಸ್ಪಿಲ್ ಮಾಡುವುದು ಇಷ್ಟೇ: ಹಸಿರು, ಕೆಂಪು-ನೀಲಿಗಳ ಸರಾಸರಿಯನ್ನು ಮೀರದಂತೆ ತಡೆಯುತ್ತದೆ.

```
G = min(G, (R + B) / 2)
```

ಸ್ಪಿಲ್ ಬಿದ್ದ ಕೂದಲ ಒಂದು ಪಿಕ್ಸೆಲ್‌ನಲ್ಲಿ ಕೆಂಪು 60, ಹಸಿರು 90, ನೀಲಿ 50 ಇದೆ ಅನ್ನಿ. ಸರಾಸರಿ 55, ಹಸಿರು 55ಕ್ಕೆ ಇಳಿಯಿತು, ಕೂದಲು ಕಂದುಗಪ್ಪಾಯಿತು. ಚೆನ್ನಾಗಿಯೇ ಇದೆ. ಆದರೆ ಹಳದಿ ಸೀರೆಯಲ್ಲಿ ಕೆಂಪು 220, ಹಸಿರು 190, ನೀಲಿ 40 ಇರುತ್ತದೆ. ಹಳದಿ ಎಂಬುದೇ ಕೆಂಪು ಮತ್ತು ಹಸಿರು ಸೇರಿದ ಬಣ್ಣ. ಸರಾಸರಿ 130, ಅಲ್ಲಿಗೆ ಹಸಿರನ್ನು ಕಡಿದರೆ ಉಳಿಯುವುದು ಕಿತ್ತಳೆ. ಇದೇ ಸೂತ್ರದಲ್ಲಿ ಸರಾಸರಿಯ ಬದಲು ಕೆಂಪು-ನೀಲಿಗಳಲ್ಲಿ ದೊಡ್ಡದನ್ನು ಮಿತಿಯಾಗಿ ಇಟ್ಟರೆ ಸೀರೆಗೆ ಏನೂ ಆಗುವುದಿಲ್ಲ, ಏಕೆಂದರೆ 190 ಎಂಬುದು 220ಕ್ಕಿಂತ ಕಡಿಮೆ. ಕೂದಲಿನಲ್ಲಿ ಮಾತ್ರ ಚೂರು ಹಳದಿ ಛಾಯೆ ಉಳಿಯುತ್ತದೆ. ಆ ಆಯ್ಕೆ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಸಿಗದಿದ್ದರೆ ಕ್ಲಿಪ್ಪಿನ ಎರಡು ಪ್ರತಿ ಇಟ್ಟುಕೊಳ್ಳಿ: ಒಂದಕ್ಕೆ Despill ಹಾಕಿ, ಅದರ ಮೇಲೆ Despill ಇಲ್ಲದ ಇನ್ನೊಂದನ್ನು ಸೀರೆಯ ಭಾಗಕ್ಕಷ್ಟೇ ಮಾಸ್ಕ್ ಮಾಡಿ ಕೂರಿಸಿ. ಸೀರೆ ಬದಲಿಸಲು ಅವಳು ಒಪ್ಪಿದರೆ ಕೆಂಪು ಅಥವಾ ನೀಲಿ ಇನ್ನೂ ಸುಲಭ. ಹಸಿರು ಗಾಜಿನ ಬಳೆ ಮಾತ್ರ ತೆಗೆಸಿಬಿಡಿ, ಮಣಿಕಟ್ಟಿನಲ್ಲಿ ತೂತು ಬೀಳುತ್ತದೆ.

ಕೀ ಹಾಕುವಾಗ ರಿಸಾಲ್ವ್‌ನ 3D Keyerನಲ್ಲಿ ಅವಳ ಮುಖದ ಹತ್ತಿರದ ಹಸಿರಿನ ಮೇಲೆ ಚಿಕ್ಕ ಗೆರೆ ಎಳೆದು, ಕೂಡಲೇ ಉಳಿಯುವುದನ್ನು ಬಿಳಿಯಾಗಿ, ಅಳಿಯುವುದನ್ನು ಕಪ್ಪಾಗಿ ತೋರಿಸುವ ಮ್ಯಾಟ್ ನೋಟಕ್ಕೆ ಬದಲಾಯಿಸಿ. ಅವಳು ಪೂರ್ತಿ ಬಿಳಿ, ಪರದೆ ಪೂರ್ತಿ ಕಪ್ಪು, ಕೂದಲ ಅಂಚಷ್ಟೇ ಬೂದು ಇರಬೇಕು. ಹಿನ್ನೆಲೆಯ ಬೂದು ಕಲೆಗಳಿಗೆ Clean Black, ಮೈಯೊಳಗಿನ ತೂತುಗಳಿಗೆ Clean White, ಎರಡನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ. ಕೂದಲಿನ ಬೂದು ಹೋಗಿ ಅಂಚು ಕತ್ತರಿಯಲ್ಲಿ ಕತ್ತರಿಸಿದಂತಾದ ಕ್ಷಣವೇ ಅತಿಯಾಯಿತೆಂದು ತಿಳಿಯಿರಿ.

ಹಂಪಿಯ ಚಿತ್ರವನ್ನು ಮಟಮಟ ಮಧ್ಯಾಹ್ನದ್ದು ಆರಿಸಬೇಡಿ. ಕಿಟಕಿಯ ಬೆಳಕು ಮೆದು, ನಡುಹಗಲ ಬಿಸಿಲಿನ ನೆರಳು ಕಡು, ಎರಡೂ ಜೊತೆಯಾಗುವುದಿಲ್ಲ. ಮೋಡ ಕವಿದ ಹೊತ್ತಿನ ಚಿತ್ರವಿರಲಿ. ಅದನ್ನು ತೆಗೆದ ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತೋ, ನಿಮ್ಮ ಫೋನೂ ಅಷ್ಟೇ ಎತ್ತರದಲ್ಲಿರಲಿ. ಇಲ್ಲವಾದರೆ ಕೀ ಎಷ್ಟೇ ಶುದ್ಧವಾಗಿದ್ದರೂ ಅವಳು ರಥದ ಮುಂದೆ ನಿಂತಂತೆ ಕಾಣುವುದಿಲ್ಲ.