ನಾನು ಮಾಡದ ಕಾರ್ಡ್ ವಹಿವಾಟು: ಬ್ಯಾಂಕಿಗೆ ಪತ್ರ

ಪ್ರಶ್ನೆ: ಶುಕ್ರವಾರ ರಾತ್ರಿ ನಾನು ಕಾರವಾರದ ಮನೆಯಲ್ಲಿದ್ದಾಗ ನನ್ನ ಡೆಬಿಟ್ ಕಾರ್ಡಿನಿಂದ 8,400 ರೂಪಾಯಿ ಹೋಗಿದೆ. ಹಣ ಮರಳಿ ಪಡೆಯಲು ಪತ್ರದಲ್ಲಿ ಏನು ಬರೆಯಲಿ?

ಉತ್ತರ: ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ, ದೂರು ಸಂಖ್ಯೆ ಪಡೆಯಿರಿ. ಪತ್ರದಲ್ಲಿ ನಿರ್ಣಾಯಕವಾಗುವುದು ಸಮಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಶೂನ್ಯ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ಮರುದಿನ ಎರಡನೇ ಶನಿವಾರವಾಗಿದ್ದರೆ ಬುಧವಾರದವರೆಗೂ ನಿಮಗೆ ಅವಕಾಶವಿದೆ. ಆದರೂ ದಯವಿಟ್ಟು ಕಾಯಬೇಡಿ.

ಖಾತೆಯ ಕೊನೆಯ ನಾಲ್ಕು ಅಂಕಿ, ಮೊತ್ತ, ಸಂದೇಶದ ಸಮಯ, ದೂರು ಸಂಖ್ಯೆ ಬರೆದು ಹೀಗೆ ಸೇರಿಸಿ:

"ಈ ವಹಿವಾಟನ್ನು ನಾನು ಮಾಡಿಲ್ಲ. ಆ ವೇಳೆ ಕಾರ್ಡ್ ನನ್ನ ಬಳಿಯೇ ಇತ್ತು. ಪಿನ್, ಒಟಿಪಿ ಯಾರಿಗೂ ತಿಳಿಸಿಲ್ಲ. ಸುತ್ತೋಲೆಯಂತೆ ಹತ್ತು ಕೆಲಸದ ದಿನಗಳೊಳಗೆ 8,400 ರೂಪಾಯಿಯನ್ನು ನನ್ನ ಖಾತೆಗೆ ಜಮೆ ಮಾಡಬೇಕೆಂದು ಕೋರುತ್ತೇನೆ."

ಒಟಿಪಿ ಹೇಳಿದ್ದರೆ ಅದನ್ನು ಮುಚ್ಚಿಡಬೇಡಿ. ಆಗ ದೂರು ನೀಡುವ ಮೊದಲಿನ ನಷ್ಟ ನಿಮ್ಮದೇ. ನಂತರದ್ದು ಮಾತ್ರ ಬ್ಯಾಂಕಿನದು. ಹೇಳಿಲ್ಲವಾದರೆ ಗಟ್ಟಿಯಾಗಿ ನಿಲ್ಲಿ: ತಪ್ಪು ಗ್ರಾಹಕರದೆಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ಶಾಖೆಯಲ್ಲಿ ಪತ್ರದ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ.